ಅಸಲಿಗೆ ಬಿದ್ದ ಮೂರು ಲಕ್ಷ

ಗೃಹಸಾಲ ಪಡೆದು ನಾಲ್ಕು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದವರು ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತರಿಸಿ ನೋಡಿದಾಗ ಬಹುತೇಕ ಎಲ್ಲರಿಗೂ ಬರುವ ಅನುಮಾನ ಒಂದೇ: ಬ್ಯಾಂಕಿನವರ ಲೆಕ್ಕ ಎಲ್ಲೋ ತಪ್ಪಿದೆ. ಕಟ್ಟಿದ್ದು ಹನ್ನೆರಡು ಲಕ್ಷಕ್ಕೂ ಹೆಚ್ಚು, ಸಾಲ ಇಳಿದಿರುವುದು ಮೂರು ಲಕ್ಷವೂ ಇಲ್ಲ. ಲೆಕ್ಕ ತಪ್ಪಿಲ್ಲ. ಆದರೆ ಆ ಲೆಕ್ಕ ಹೇಗೆ ನಡೆಯುತ್ತದೆ ಎಂಬುದು ತಿಳಿಯದಿದ್ದರೆ, ಕೈಗೆ ಒಂದಿಷ್ಟು ಇಡಿಗಂಟು ಬಂದಾಗ ಅದನ್ನು ಸಾಲಕ್ಕೆ ಕಟ್ಟಬೇಕೋ ಬೇಡವೋ, ಕಟ್ಟಿದರೆ ಬ್ಯಾಂಕಿನವರಿಗೆ ಏನು ಹೇಳಬೇಕು ಎಂಬುದೂ ತಿಳಿಯುವುದಿಲ್ಲ.

ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ಸಾಗರದಲ್ಲಿ ಮನೆ ಕಟ್ಟಿಸಿದ ಪ್ರೌಢಶಾಲಾ ಶಿಕ್ಷಕಿ, ವಯಸ್ಸು 47. ಗಂಡನದು ಪೇಟೆಯಲ್ಲಿ ಒಂದು ಅಂಗಡಿ. ನಾಲ್ಕು ವರ್ಷದ ಹಿಂದೆ ಇಬ್ಬರ ಹೆಸರಲ್ಲೂ 30 ಲಕ್ಷ ರೂಪಾಯಿ ಗೃಹಸಾಲ ತೆಗೆದುಕೊಂಡಿದ್ದಾರೆ. ಬಡ್ಡಿ ವರ್ಷಕ್ಕೆ ಶೇ. 8.5, ಅವಧಿ 20 ವರ್ಷ, ತಿಂಗಳ ಕಂತು 26,035 ರೂಪಾಯಿ. ಲೆಕ್ಕ ಸುಲಭವಾಗಲಿ ಎಂದು ಬಡ್ಡಿ ದರ ಉದ್ದಕ್ಕೂ ಒಂದೇ ಇತ್ತು ಎಂದುಕೊಳ್ಳೋಣ. ಈ ವರ್ಷ ತವರಿನ ಪಾಲಿನ ತೋಟದ ಅಡಿಕೆ ಒಳ್ಳೆಯ ಧಾರಣೆಗೆ ಹೋಗಿ, ಖರ್ಚೆಲ್ಲ ಕಳೆದು 3 ಲಕ್ಷ ರೂಪಾಯಿ ಉಳಿದಿದೆ. ಅದನ್ನು ಸಾಲಕ್ಕೆ ಕಟ್ಟೋಣ ಎಂದು ಇಬ್ಬರೂ ಯೋಚಿಸುತ್ತಿದ್ದಾರೆ.

ಅವರ ಮೊದಲ ಕಂತಿನಲ್ಲಿ ಏನಾಗಿತ್ತು ಎಂದು ನೋಡಿದರೆ ಎಲ್ಲ ಅರ್ಥವಾಗುತ್ತದೆ. ಬ್ಯಾಂಕು ಪ್ರತಿ ತಿಂಗಳೂ ಆ ಹೊತ್ತಿಗೆ ಬಾಕಿ ಇರುವ ಅಸಲಿನ ಮೇಲೆ ಆ ತಿಂಗಳ ಬಡ್ಡಿ ಹಾಕುತ್ತದೆ. 30 ಲಕ್ಷಕ್ಕೆ ಶೇ. 8.5ರಂತೆ ಒಂದು ತಿಂಗಳ ಬಡ್ಡಿ 21,250 ರೂಪಾಯಿ. ಕಂತಿನ ಹಣದಲ್ಲಿ ಮೊದಲು ಮುರಿದುಕೊಳ್ಳುವುದು ಇದನ್ನು. ಉಳಿಯುವ 4,785 ರೂಪಾಯಿ ಮಾತ್ರ ಅಸಲಿಗೆ ಹೋಗುತ್ತದೆ. ಮರುತಿಂಗಳು ಅಸಲು ಅಷ್ಟು ಕಡಿಮೆಯಾಗಿರುವುದರಿಂದ ಬಡ್ಡಿ 34 ರೂಪಾಯಿ ಇಳಿಯುತ್ತದೆ, ಅಸಲಿಗೆ ಹೋಗುವ ಪಾಲು ಅಷ್ಟೇ ಏರುತ್ತದೆ. ಹೀಗೆ ತಿಂಗಳಿಗೆ ಮೂವತ್ತು ನಲವತ್ತು ರೂಪಾಯಿಯ ಲೆಕ್ಕದಲ್ಲಿ ತಕ್ಕಡಿ ನಿಧಾನವಾಗಿ ವಾಲುತ್ತದೆ. ನಾಲ್ಕು ವರ್ಷ, ಅಂದರೆ 48 ಕಂತು ಮುಗಿಯುವಾಗ ಈ ದಂಪತಿ ಕಟ್ಟಿದ್ದು ಸುಮಾರು 12.5 ಲಕ್ಷ. ಅದರಲ್ಲಿ ಬಡ್ಡಿಗೆ ಹೋದದ್ದು ಸುಮಾರು 9.77 ಲಕ್ಷ. ಅಸಲು ಇಳಿದದ್ದು 2.72 ಲಕ್ಷ. ಇನ್ನೂ ಬಾಕಿ ಇರುವ ಅಸಲು 27,27,600 ರೂಪಾಯಿ.

ಈ ಅಂಕಿಗಳನ್ನು ಆ 3 ಲಕ್ಷದ ಪಕ್ಕದಲ್ಲಿಟ್ಟು ನೋಡಿ. ನಾಲ್ಕು ವರ್ಷ ಪ್ರತಿ ತಿಂಗಳೂ 26 ಸಾವಿರ ಕಟ್ಟಿ ಇಳಿಸಿದ ಅಸಲಿಗಿಂತ ಹೆಚ್ಚಿನದನ್ನು ಒಂದು ದಿನದ ಪಾವತಿ ಇಳಿಸುತ್ತದೆ. ಏಕೆಂದರೆ ಆ ತಿಂಗಳ ಬಡ್ಡಿ ಕಂತಿನಿಂದಲೇ ಮುರಿದಾಗಿದೆ, ಹೆಚ್ಚುವರಿ ಕಟ್ಟಿದ ಹಣದಲ್ಲಿ ಬಡ್ಡಿಗೆ ಪಾಲಿಲ್ಲ, ಪೂರ್ತಿ ಅಸಲಿಗೇ ಬೀಳುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಇದಕ್ಕೆ ಭಾಗಶಃ ಅವಧಿಪೂರ್ವ ಪಾವತಿ ಎನ್ನುತ್ತಾರೆ, ಕೌಂಟರಿನಲ್ಲಿ ಎಲ್ಲರೂ ಹೇಳುವುದು ಪಾರ್ಟ್ ಪೇಮೆಂಟ್ ಎಂದೇ. 3 ಲಕ್ಷ ಬಿದ್ದ ಮೇಲೆ ಬಾಕಿ ಅಸಲು 24,27,600 ರೂಪಾಯಿ. ಮರುತಿಂಗಳ ಬಡ್ಡಿ 19,320 ರೂಪಾಯಿಯ ಬದಲು 17,195 ರೂಪಾಯಿ. ವ್ಯತ್ಯಾಸ 2,125 ರೂಪಾಯಿ. ಇದು 3 ಲಕ್ಷಕ್ಕೆ ಶೇ. 8.5ರಂತೆ ಒಂದು ತಿಂಗಳ ಬಡ್ಡಿ, ಅಷ್ಟೇ. ಪಾರ್ಟ್ ಪೇಮೆಂಟಿನ ಶಕ್ತಿಯೆಲ್ಲ ಇರುವುದು ಈ 2,125 ರೂಪಾಯಿಯಲ್ಲಿ. ಉಳಿದದ್ದೆಲ್ಲ ಪ್ರತಿ ತಿಂಗಳೂ ಉಳಿಯುವ ಈ ಹಣವನ್ನು ಎಲ್ಲಿಗೆ ಕಳಿಸುತ್ತೀರಿ ಎಂಬುದರ ಮೇಲೆ ನಿಂತಿದೆ.

ಈಗ ಶಾಖೆಯ ಅಧಿಕಾರಿ ಕೇಳುತ್ತಾರೆ: "ಮೇಡಂ, ಕಂತು ಕಡಿಮೆ ಮಾಡೋದಾ, ಅವಧಿ ಕಡಿಮೆ ಮಾಡೋದಾ?" ಕೆಲವೆಡೆ ಅವರು ಕೇಳುವುದೂ ಇಲ್ಲ. ಸಾಮಾನ್ಯವಾಗಿ ಕಂತು ಇದ್ದಷ್ಟೇ ಉಳಿದು ಅವಧಿ ತಾನಾಗಿ ಕುಗ್ಗುತ್ತದೆ, ಕಂತು ಇಳಿಯಬೇಕೆಂದರೆ ಬರೆದು ಕೊಡಬೇಕಾಗುತ್ತದೆ. ಕೆಲವು ಸಂಸ್ಥೆಗಳ ಆ್ಯಪಿನಲ್ಲಿ ಇವೆರಡರಲ್ಲಿ ಒಂದನ್ನು ಒತ್ತಿದರೆ ಮಾತ್ರ ಮುಂದಿನ ಪುಟ ತೆರೆಯುತ್ತದೆ.

ಶಿಕ್ಷಕಿ ಅವಧಿ ಕಡಿಮೆ ಮಾಡಿ ಎಂದರೆ ಕಂತು 26,035 ರೂಪಾಯಿಯೇ ಮುಂದುವರಿಯುತ್ತದೆ. ಬಡ್ಡಿಗೆ 2,125 ರೂಪಾಯಿ ಕಡಿಮೆ ಸಾಕಾದ್ದರಿಂದ ಅಸಲಿಗೆ 6,715 ರೂಪಾಯಿಯ ಬದಲು 8,840 ರೂಪಾಯಿ ಹೋಗುತ್ತದೆ. ಹಾಗೆ ಹೆಚ್ಚು ಇಳಿದ ಅಸಲು ಮುಂದಿನ ತಿಂಗಳ ಬಡ್ಡಿಯನ್ನು ಇನ್ನಷ್ಟು ಇಳಿಸುತ್ತದೆ. ಬಾಕಿ ಇದ್ದ 192 ಕಂತುಗಳು 153ಕ್ಕೆ ಬಂದು ನಿಲ್ಲುತ್ತವೆ. ಮೂರು ವರ್ಷ ಮೂರು ತಿಂಗಳು ಕಡಿಮೆ. ಮುಂದೆ ಕಟ್ಟಬೇಕಿದ್ದ ಬಡ್ಡಿ 22.71 ಲಕ್ಷದಿಂದ 15.57 ಲಕ್ಷಕ್ಕೆ ಇಳಿದು, ಸುಮಾರು 7.14 ಲಕ್ಷ ಉಳಿಯುತ್ತದೆ.

ಕಂತು ಕಡಿಮೆ ಮಾಡಿ ಎಂದರೆ 192 ಕಂತುಗಳು ಹಾಗೆಯೇ ಉಳಿಯುತ್ತವೆ, ಪ್ರತಿ ಕಂತು 23,171 ರೂಪಾಯಿಗೆ ಇಳಿಯುತ್ತದೆ. ತಿಂಗಳಿಗೆ 2,864 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ಒಟ್ಟು ಬಡ್ಡಿಯಲ್ಲಿ ಉಳಿತಾಯ ಸುಮಾರು 2.5 ಲಕ್ಷ.

ಏಳು ಲಕ್ಷ ಎಲ್ಲಿ, ಎರಡೂವರೆ ಲಕ್ಷ ಎಲ್ಲಿ! ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ಅವಧಿ ಕಡಿಮೆ ಮಾಡಿಸುವುದೇ ಜಾಣತನ, ಕಂತು ಇಳಿಸುವುದು ನಷ್ಟ" ಎಂದು ಹೇಳುವವರು ಬಹಳ. ಆ ಸಲಹೆ ಬಹಳಷ್ಟು ಜನರಿಗೆ ಸರಿಹೊಂದಬಹುದು, ಆದರೆ ಅದಕ್ಕೆ ಕೊಡುವ ಕಾರಣ ಸರಿಯಲ್ಲ. ಇದನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿದುಕೊಂಡವರು ತಮಗೆ ಹೊಂದದ ಆಯ್ಕೆಯನ್ನು ಮಾಡಿಬಿಡುತ್ತಾರೆ.

ಎರಡೂ ದಾರಿಯಲ್ಲಿ 3 ಲಕ್ಷ ದುಡಿಯುವುದು ಶೇ. 8.5ರ ದರದಲ್ಲೇ. ಮೊದಲ ತಿಂಗಳು ಎರಡರಲ್ಲೂ ಉಳಿಯುವುದು ಅದೇ 2,125 ರೂಪಾಯಿ. ವ್ಯತ್ಯಾಸ ಹುಟ್ಟುವುದು ಆ ಮೇಲೆ. ಕಂತು ಇಳಿಸಿದವರು ಕಟ್ಟಿದ 3 ಲಕ್ಷವನ್ನೂ ಅದರ ಫಲವನ್ನೂ ತಿಂಗಳಿಗೆ 2,864 ರೂಪಾಯಿಯಂತೆ ಮನೆಗೆ ವಾಪಸು ತೆಗೆದುಕೊಂಡು ಹೋಗುತ್ತಾರೆ. ಅವಧಿ ಇಳಿಸಿದವರು ಅದೇ 2,864 ರೂಪಾಯಿಯನ್ನು ತಿಂಗಳು ತಿಂಗಳೂ ಮತ್ತೆ ಸಾಲಕ್ಕೇ ಹಾಕುತ್ತಾರೆ. ಅಂದರೆ ಅವರು ಮಾಡುತ್ತಿರುವುದು ಒಂದು ಪಾರ್ಟ್ ಪೇಮೆಂಟ್ ಅಲ್ಲ, ಹಳೆಯ ದೊಡ್ಡ ಕಂತಿನ ಒಳಗೆ ಪ್ರತಿ ತಿಂಗಳೂ ಒಂದೊಂದು ಚಿಕ್ಕ ಪಾರ್ಟ್ ಪೇಮೆಂಟ್. ಹೆಚ್ಚು ಹಣ ಹಾಕಿದವರಿಗೆ ಹೆಚ್ಚು ಬಡ್ಡಿ ಉಳಿಯುತ್ತದೆ. 7.14 ಲಕ್ಷಕ್ಕೂ 2.5 ಲಕ್ಷಕ್ಕೂ ಇರುವ ಅಂತರದ ಮೂಲ ಇದೇ, ಬ್ಯಾಂಕು ಒಬ್ಬರಿಗೆ ಒಳ್ಳೆಯ ದರವನ್ನೂ ಇನ್ನೊಬ್ಬರಿಗೆ ಕೆಟ್ಟ ದರವನ್ನೂ ಕೊಟ್ಟಿಲ್ಲ.

ಇದನ್ನು ಪರೀಕ್ಷಿಸಲೂಬಹುದು. ಕಂತನ್ನು 23,171ಕ್ಕೆ ಇಳಿಸಿಕೊಂಡು, ಪ್ರತಿ ತಿಂಗಳೂ ಅದರ ಜೊತೆ 2,864 ರೂಪಾಯಿಯನ್ನು ತಾವೇ ಆ್ಯಪಿನಿಂದ ಸಾಲದ ಖಾತೆಗೆ ಕಟ್ಟುತ್ತ ಹೋದರೆ, ಕಂತನ್ನು ಮತ್ತೆ ಇಳಿಸದೆ ಬಿಟ್ಟರೆ, ಸಾಲ ಅದೇ 153ನೆಯ ತಿಂಗಳ ಸುತ್ತ ಮುಗಿಯುತ್ತದೆ. ಬಡ್ಡಿಯೂ ಅಷ್ಟೇ ಉಳಿಯುತ್ತದೆ. ನಡುವೆ ಒಂದು ವರ್ಷ ಅಂಗಡಿಯ ವ್ಯಾಪಾರ ಬಿದ್ದುಹೋಯಿತು, ಮಗಳ ಕಾಲೇಜಿನ ಶುಲ್ಕ ಬಂತು ಎಂದರೆ ಆ 2,864 ರೂಪಾಯಿಯನ್ನು ನಿಲ್ಲಿಸಬಹುದು, ಬ್ಯಾಂಕು ಕೇಳುವುದಿಲ್ಲ. ಅವಧಿ ಕುಗ್ಗಿಸಿಕೊಂಡವರಿಗೆ ಆ ಸ್ವಾತಂತ್ರ್ಯ ಇಲ್ಲ. ಅವರ ಪಾಲಿಗೆ 26,035 ರೂಪಾಯಿ ಕಡ್ಡಾಯ, ಒಂದು ತಿಂಗಳು ತಪ್ಪಿದರೂ ದಂಡ ಬೀಳುತ್ತದೆ, ಸಿಬಿಲ್ ದಾಖಲೆಯಲ್ಲಿ ಕಾಣಿಸುತ್ತದೆ. ಒಮ್ಮೆ ಕುಗ್ಗಿಸಿದ ಅವಧಿಯನ್ನು ಕಷ್ಟ ಬಂದಾಗ ಮತ್ತೆ ಹಿಗ್ಗಿಸಿ ಎಂದರೆ ಅದು ಬ್ಯಾಂಕಿನ ಮರ್ಜಿ.

ಹಾಗಾದರೆ ಎಲ್ಲರೂ ಕಂತನ್ನೇ ಇಳಿಸಿಕೊಳ್ಳಬೇಕೇ? ಹಾಗೂ ಅಲ್ಲ. ಇಳಿದ 2,864 ರೂಪಾಯಿಯನ್ನು ಪ್ರತಿ ತಿಂಗಳೂ ನೆನಪಿಟ್ಟು ಕಟ್ಟುವವರು ಕಡಿಮೆ. ಎರಡು ಮೂರು ತಿಂಗಳಲ್ಲಿ ಆ ಹಣ ಮನೆಯ ಖರ್ಚಿನಲ್ಲಿ ಬೆರೆತು ಎಲ್ಲಿ ಹೋಯಿತೆಂದು ಗೊತ್ತೇ ಆಗುವುದಿಲ್ಲ. ಸಂಬಳ ಖಚಿತವಾಗಿದ್ದು ಇಷ್ಟು ದಿನ ಕಟ್ಟುತ್ತಿದ್ದ ಕಂತು ಭಾರವಾಗಿರದಿದ್ದರೆ, ಅವಧಿ ಕುಗ್ಗಿಸುವುದು ತಾನಾಗಿ ನಡೆಯುವ ಕಟ್ಟುನಿಟ್ಟನ್ನು ತಂದುಕೊಡುತ್ತದೆ. ಬರುವ ಆದಾಯ ಏರಿಳಿಯುವಂಥದ್ದಾದರೆ ಕಡ್ಡಾಯ ಕಂತು ಚಿಕ್ಕದಾಗಿರುವುದೇ ಕ್ಷೇಮ.

ನಮ್ಮ ಶಿಕ್ಷಕಿಯ ವಿಷಯದಲ್ಲಿ ತೀರ್ಮಾನಕ್ಕೆ ಇನ್ನೊಂದು ಅಳತೆಗೋಲು ಇದೆ. ಅವರ ನಿವೃತ್ತಿ 60ಕ್ಕೆ. ಗಂಡನೂ ಸಾಲಗಾರರಾಗಿರುವುದರಿಂದ ಬ್ಯಾಂಕು 20 ವರ್ಷದ ಅವಧಿ ಕೊಟ್ಟಿದೆ, ಆದರೆ ಈಗಿನ ಲೆಕ್ಕದಂತೆ ಕೊನೆಯ ಕಂತು ಬರುವಾಗ ಅವರಿಗೆ 63. ನಿಶ್ಚಿತ ಸಂಬಳ ನಿಂತ ಮೇಲೂ ಮೂರು ವರ್ಷ ತಿಂಗಳಿಗೆ 26 ಸಾವಿರ ಹೊಂದಿಸಬೇಕು. 153 ಕಂತಾದರೆ 12 ವರ್ಷ 9 ತಿಂಗಳು, ಅಂದರೆ 60 ತುಂಬುವ ಮೊದಲೇ ಸಾಲ ಮುಗಿಯುತ್ತದೆ. ಅಂಗಡಿಯ ಆದಾಯ ನಂಬುವಂಥದ್ದಲ್ಲ ಎಂಬ ಕಾರಣಕ್ಕೆ ಕಂತು ಇಳಿಸುವ ಯೋಚನೆ ಬರಬಹುದು. ಆದರೆ ಕಂತು ಹೋಗುತ್ತಿರುವುದು ಶಿಕ್ಷಕಿಯ ಸಂಬಳದಿಂದ, ಆ ಸಂಬಳ ನಿಲ್ಲುವ ದಿನ ಗೊತ್ತಿದೆ. ಇಂಥವರಿಗೆ ಅವಧಿ ಕುಗ್ಗಿಸುವುದೇ ಸರಿ ಎಂದು ನಾನು ಹೇಳುತ್ತೇನೆ. ಬಡ್ಡಿಯಲ್ಲಿ ಉಳಿಯುವ ಏಳು ಲಕ್ಷಕ್ಕಿಂತ ದೊಡ್ಡ ಕಾರಣ, ನಿವೃತ್ತಿಯಾಚೆ ಕಂತು ಉಳಿಯುವುದಿಲ್ಲ ಎಂಬುದು. ಅದೇ ಮನೆಯಲ್ಲಿ ಕಂತು ಹೋಗುತ್ತಿರುವುದು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಆಗಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಬೇಗ ಕಟ್ಟಿದಷ್ಟೂ ಲಾಭ ಎಂಬ ಮಾತನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಇದೇ 3 ಲಕ್ಷವನ್ನು ನಾಲ್ಕನೆಯ ವರ್ಷದ ಬದಲು 12ನೆಯ ವರ್ಷದ ಕೊನೆಗೆ ಕಟ್ಟಿದ್ದರೆ 21 ಕಂತುಗಳು ಕಡಿಮೆಯಾಗಿ ಸುಮಾರು 2.5 ಲಕ್ಷ ಬಡ್ಡಿ ಉಳಿಯುತ್ತಿತ್ತು. ಬೇಗ ಕಟ್ಟಿದ ಹಣ ಹೆಚ್ಚು ವರ್ಷ ದುಡಿಯುತ್ತದೆ, ನಿಜ. ಆದರೆ "ಈಗ ಅರ್ಧ ಅವಧಿ ದಾಟಿದೆ, ಬಡ್ಡಿಯೆಲ್ಲ ಮೊದಲೇ ಕಟ್ಟಿಯಾಗಿದೆ, ಇನ್ನು ಪಾರ್ಟ್ ಪೇಮೆಂಟಿನಿಂದ ಪ್ರಯೋಜನ ಇಲ್ಲ" ಎಂದು ಸುಮ್ಮನಾಗುವುದು ತಪ್ಪು. ಬ್ಯಾಂಕು ಬಡ್ಡಿಯನ್ನು ಮುಂಚಿತವಾಗಿ ವಸೂಲು ಮಾಡುವುದಿಲ್ಲ. ಮೊದಲ ವರ್ಷಗಳಲ್ಲಿ ಅಸಲು ದೊಡ್ಡದಿತ್ತು, ಬಡ್ಡಿಯೂ ದೊಡ್ಡದಿತ್ತು, ಅಷ್ಟೇ. 12ನೆಯ ವರ್ಷದಲ್ಲೂ ಕಟ್ಟಿದ ಪ್ರತಿ ಲಕ್ಷ ವರ್ಷಕ್ಕೆ 8,500 ರೂಪಾಯಿ ಬಡ್ಡಿಯನ್ನು ತಪ್ಪಿಸುತ್ತಲೇ ಇರುತ್ತದೆ.

ಇಡಿಗಂಟು ಸಿಗದವರಿಗೆ ವರ್ಷಕ್ಕೊಂದು ಹೆಚ್ಚುವರಿ ಕಂತು ಕಟ್ಟುವ ಕ್ರಮ ಇದೆ. ಬೋನಸ್ಸೋ, ಚೀಟಿ ಎತ್ತಿದ ಹಣವೋ ಯಾವುದಾದರೂ ಆಗಲಿ. ಇದೇ 30 ಲಕ್ಷದ ಸಾಲಕ್ಕೆ ಮೊದಲ ವರ್ಷದಿಂದಲೇ ಪ್ರತಿ ವರ್ಷದ ಕೊನೆಗೆ 26,035 ರೂಪಾಯಿ ಹೆಚ್ಚಿಗೆ ಅಸಲಿಗೆ ಹಾಕುತ್ತ ಹೋದರೆ 20 ವರ್ಷದ ಸಾಲ 17 ವರ್ಷ ತುಂಬುವ ಮೊದಲೇ ತೀರುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕುವಾಗ ಬಡ್ಡಿ ಶೇ. 8.5ರಲ್ಲೇ ನಿಂತಿದೆ ಎಂದುಕೊಂಡೆವು. ನಿಜದಲ್ಲಿ ಅದು ನಿಲ್ಲುವುದಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಕೊಡುವ ಹೊಸ ಫ್ಲೋಟಿಂಗ್ ಗೃಹಸಾಲಗಳ ಬಡ್ಡಿಯನ್ನು ಹೊರಗಿನ ಒಂದು ದರಕ್ಕೆ ಕಟ್ಟಿಹಾಕಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ಹೆಚ್ಚಿನ ಬ್ಯಾಂಕುಗಳು ಆಯ್ದುಕೊಂಡದ್ದು ರೆಪೊ ದರವನ್ನು. 2022ರ ಮೇ ತಿಂಗಳಲ್ಲಿ ಶೇ. 4 ಇದ್ದ ಆ ದರ 2023ರ ಫೆಬ್ರವರಿ ಹೊತ್ತಿಗೆ ಶೇ. 6.5ಕ್ಕೆ ಏರಿತು. ಶೇ. 6.75ಕ್ಕೆ 30 ಲಕ್ಷ ಸಾಲ ಪಡೆದವರ ಕಂತು 22,811 ರೂಪಾಯಿ. ಎರಡೂವರೆ ಸೇರಿ ದರ ಶೇ. 9.25 ಆದಾಗ 30 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 23,125 ರೂಪಾಯಿ! ಕಂತನ್ನು ಮುಟ್ಟದೆ ಅವಧಿಯನ್ನಷ್ಟೇ ಎಳೆಯುತ್ತ ಹೋದರೆ ಹೊಸದಾಗಿ ಸಾಲ ಪಡೆದವರ ಕಂತು ಬಡ್ಡಿಗೂ ಸಾಲದ ಸ್ಥಿತಿ. ಅಷ್ಟು ಕೆಟ್ಟದಾಗದ ಎಷ್ಟೋ ಸಾಲಗಳಲ್ಲಿ ಕಂತು ಅಷ್ಟೇ ಇತ್ತು, ಅವಧಿ ಮಾತ್ರ ಸದ್ದಿಲ್ಲದೆ ಐದಾರು ವರ್ಷ ಬೆಳೆದಿತ್ತು. ತಿಂಗಳಿಗೆ ಹೋಗುವ ಹಣದಲ್ಲಿ ಬದಲಾವಣೆ ಕಾಣದ್ದರಿಂದ ಬಹಳ ಜನ ಇದನ್ನು ಗಮನಿಸಿದ್ದು ತಡವಾಗಿ.

ಆ ಅನುಭವದ ನಂತರವೇ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ದರ ಏರಿ ಹೊಸದಾಗಿ ಲೆಕ್ಕ ಹಾಕುವಾಗ ಕಂತು ಏರಿಸಬೇಕೋ, ಅವಧಿ ಹಿಗ್ಗಿಸಬೇಕೋ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕೋ ಎಂಬುದನ್ನು ಸಾಲಗಾರನೇ ಆರಿಸಬಹುದು. ಯಾವ ಹಂತದಲ್ಲಾದರೂ ಭಾಗಶಃ ಅಥವಾ ಪೂರ್ತಿ ಸಾಲ ತೀರಿಸುವ ಅವಕಾಶ ಕೊಡಬೇಕು. ಇದುವರೆಗೆ ವಸೂಲಾದ ಅಸಲು, ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ಬಡ್ಡಿ ದರ ಇಷ್ಟನ್ನೂ ತೋರಿಸುವ ಲೆಕ್ಕಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಒದಗಿಸಬೇಕು. ಈ ಪಟ್ಟಿಯಲ್ಲಿ ಮೊದಲು ನೋಡಬೇಕಾದದ್ದು ಉಳಿದ ಕಂತುಗಳ ಸಂಖ್ಯೆಯನ್ನು. ನಾಲ್ಕು ವರ್ಷದ ಹಿಂದೆ 240 ಕಂತಿನ ಸಾಲ ಪಡೆದವರಿಗೆ 192ಕ್ಕಿಂತ ಹೆಚ್ಚು ಕಂತು ಉಳಿದಿದ್ದರೆ ಅವಧಿ ಬೆಳೆದಿದೆ ಎಂದೇ ಅರ್ಥ. ಹಾಗೆ ಬೆಳೆದ ಅವಧಿಯನ್ನು ಹಳೆಯ ಜಾಗಕ್ಕೆ ತರುವುದಕ್ಕೂ ಪಾರ್ಟ್ ಪೇಮೆಂಟ್ ನೆರವಾಗುತ್ತದೆ.

ಹಣ ಕಟ್ಟುವುದಕ್ಕೆ ದಂಡ ಬೀಳುತ್ತದೆಯೇ ಎಂಬ ಭಯ ಈಗಲೂ ಹಲವರಲ್ಲಿದೆ. ಫ್ಲೋಟಿಂಗ್ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ಬ್ಯಾಂಕುಗಳು ಶುಲ್ಕ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರ ಜೂನ್‌ನಲ್ಲೇ ಹೇಳಿತ್ತು. 2025ರ ಜುಲೈಯಲ್ಲಿ ಹೊರಟ ನಿರ್ದೇಶನ ಇದನ್ನು ಇನ್ನೂ ಸ್ಪಷ್ಟಪಡಿಸಿತು. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲಗಳಲ್ಲಿ, ವ್ಯಕ್ತಿಗಳು ವ್ಯಾಪಾರಕ್ಕಲ್ಲದೆ ಪಡೆದ ಫ್ಲೋಟಿಂಗ್ ಸಾಲಕ್ಕೆ ಭಾಗಶಃ ಕಟ್ಟಿದರೂ ಪೂರ್ತಿ ಕಟ್ಟಿದರೂ ಶುಲ್ಕ ಇಲ್ಲ, ಹಣ ಎಲ್ಲಿಂದ ಬಂತು ಎಂದು ನೋಡುವಂತಿಲ್ಲ, ಇಷ್ಟು ತಿಂಗಳು ಕಾಯಬೇಕು ಎಂದು ಹೇಳುವಂತಿಲ್ಲ. ಸ್ಥಿರ ದರದ ಸಾಲಕ್ಕೆ ಮಾತ್ರ ಶುಲ್ಕ ಇರಬಹುದು. ಮೊದಲ ಎರಡು ಮೂರು ವರ್ಷ ಸ್ಥಿರವಾಗಿದ್ದು ಆ ಮೇಲೆ ಫ್ಲೋಟಿಂಗ್ ಆಗುವ ಸಾಲಗಳೂ ಇವೆ. ನಿಮ್ಮದು ಯಾವುದು ಎಂಬುದು ಸ್ಯಾಂಕ್ಷನ್ ಲೆಟರಿನಲ್ಲಿ ಬರೆದಿರುತ್ತದೆ.

ಇನ್ನು ಕಟ್ಟುವ ಬಗೆ. ಕೆಲವು ಬ್ಯಾಂಕುಗಳಲ್ಲಿ ಸಾಲದ ಖಾತೆಗೆ ನೇರವಾಗಿ ಹಣ ವರ್ಗಾಯಿಸಿದರೆ ಸಾಕು. ಬೇರೆ ಕಡೆ, ಅದರಲ್ಲೂ ಗೃಹಸಾಲ ಸಂಸ್ಥೆಗಳಲ್ಲಿ, ಶಾಖೆಗೆ ಹೋಗಿ ಅರ್ಜಿ ತುಂಬಿ ಚೆಕ್ ಕೊಡಬೇಕು, ಇಲ್ಲವೇ ಅವರ ಆ್ಯಪಿನಲ್ಲಿ ಅದಕ್ಕೆಂದೇ ಇರುವ ಜಾಗದಿಂದ ಕಟ್ಟಬೇಕು. ಕನಿಷ್ಠ ಒಂದೆರಡು ಕಂತಿನಷ್ಟಾದರೂ ಇರಬೇಕು, ತಿಂಗಳ ಇಂಥ ತಾರೀಖಿನೊಳಗೆ ಬರಬೇಕು ಎಂಬ ನಿಬಂಧನೆಗಳೂ ಇರುತ್ತವೆ. ಇಲ್ಲಿ ಆಗುವ ದೊಡ್ಡ ಎಡವಟ್ಟು ಒಂದೇ: ಅಸಲಿಗೆ ಬೀಳಬೇಕಾದ ಹಣ ಮುಂಗಡ ಕಂತು ಎಂದು ಜಮೆಯಾಗುವುದು. ಹಾಗಾದರೆ ಹಣ ಬ್ಯಾಂಕಿನಲ್ಲಿ ಕೂತಿರುತ್ತದೆ, ಮುಂದಿನ ಹನ್ನೊಂದು ತಿಂಗಳ ಕಂತು ಅದರಿಂದ ಮುರಿಯುತ್ತ ಹೋಗುತ್ತದೆ, ಅಸಲು ಹಳೆಯ ವೇಗದಲ್ಲೇ ಇಳಿಯುತ್ತದೆ. ಅರ್ಜಿಯಲ್ಲಿ "ಅಸಲಿಗೆ ಜಮಾ ಮಾಡಿ, ಅವಧಿ ಕಡಿಮೆ ಮಾಡಿ" ಎಂದೋ "ಕಂತು ಕಡಿಮೆ ಮಾಡಿ" ಎಂದೋ ಸ್ಪಷ್ಟವಾಗಿ ಬರೆದು, ಸ್ವೀಕೃತಿಯ ಸೀಲು ಹಾಕಿಸಿದ ಪ್ರತಿ ಇಟ್ಟುಕೊಳ್ಳಬೇಕು.

ಸರಿಯಾಗಿ ಜಮೆಯಾಗಿದೆಯೇ ಎಂದು ತಿಳಿಯಲು ದೊಡ್ಡ ಲೆಕ್ಕ ಬೇಡ. ಕಟ್ಟಿದ ಮೊತ್ತವನ್ನು ಬಡ್ಡಿ ದರದಿಂದ ಗುಣಿಸಿ 12ರಿಂದ ಭಾಗಿಸಿ. 3 ಲಕ್ಷಕ್ಕೆ ಶೇ. 8.5ರಂತೆ 2,125 ರೂಪಾಯಿ. ಹಣ ಕಟ್ಟಿದ ನಂತರದ ಮೊದಲ ಪೂರ್ಣ ತಿಂಗಳಲ್ಲಿ ಸ್ಟೇಟ್‌ಮೆಂಟಿನ ಬಡ್ಡಿ ಸುಮಾರು ಅಷ್ಟು ಇಳಿದಿರಬೇಕು. ಇಳಿದಿಲ್ಲ ಎಂದರೆ ಹಣ ಅಸಲಿಗೆ ಹೋಗಿಲ್ಲ. ಕಂತಿನ ತಾರೀಖು ಆದ ಮರುದಿನವೇ ಪಾರ್ಟ್ ಪೇಮೆಂಟ್ ಮಾಡಿದರೆ ಈ ಪರೀಕ್ಷೆ ಸಲೀಸು, ಏಕೆಂದರೆ ನಡುವಿನ ದಿನಗಳ ಬಡ್ಡಿ ಬೆರೆತು ಅಂಕಿ ಗೊಂದಲವಾಗುವುದಿಲ್ಲ. ಹಳೆಯ ದಂಡವೋ ಶುಲ್ಕವೋ ಬಾಕಿ ಇದ್ದರೆ ಹೊಸ ಹಣದಲ್ಲಿ ಮೊದಲು ಅದು ಮುರಿದುಹೋಗಬಹುದು. ಕಟ್ಟುವ ಮೊದಲೇ ಅದನ್ನು ವಿಚಾರಿಸಿ ತೀರಿಸಿಕೊಳ್ಳುವುದು ಒಳ್ಳೆಯದು.

ಮನೆಗೆ ಹಾಕಿದ ಹಣ ಮತ್ತೆ ಕೈಗೆ ಸುಲಭವಾಗಿ ಬರುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕಷ್ಟಕ್ಕೆ ಬೇಕೆಂದು ಕೇಳಿದರೆ ಬ್ಯಾಂಕು ಟಾಪ್ ಅಪ್ ಸಾಲ ಕೊಡಬಹುದು, ಕೊಡದೆಯೂ ಇರಬಹುದು, ಕೊಟ್ಟರೂ ದರ ಹೆಚ್ಚಿರಬಹುದು. ನಾಲ್ಕಾರು ತಿಂಗಳ ಮನೆಖರ್ಚು ಮತ್ತು ಕಂತು ಬೇರೆ ಕಡೆ ಇರದೆ ಇದ್ದಬದ್ದದ್ದನ್ನೆಲ್ಲ ಸಾಲಕ್ಕೆ ಸುರಿದವರು ಆಸ್ಪತ್ರೆಯ ಖರ್ಚು ಬಂದಾಗ ವೈಯಕ್ತಿಕ ಸಾಲಕ್ಕೆ ಓಡುತ್ತಾರೆ. ಶೇ. 8.5ರ ಸಾಲ ಇಳಿಸಿ ಶೇ. 14ರ ಸಾಲ ತಂದಂತಾಗುತ್ತದೆ. ಬಂಗಾರದ ಸಾಲವೋ, ಕ್ರೆಡಿಟ್ ಕಾರ್ಡಿನ ಬಾಕಿಯೋ, ಹೆಚ್ಚು ಬಡ್ಡಿಯ ಕೈಗಡವೋ ಇದ್ದರೆ ಆ 3 ಲಕ್ಷ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಹಣ ಸಾಲವನ್ನೂ ಇಳಿಸಬೇಕು, ಬೇಕಾದಾಗ ತೆಗೆಯಲೂ ಬರಬೇಕು ಎನ್ನುವವರಿಗೆ ಓವರ್‌ಡ್ರಾಫ್ಟ್ ಮಾದರಿಯ ಗೃಹಸಾಲ ಇದೆ. ಅದರಲ್ಲಿ ಇಟ್ಟಷ್ಟು ದಿನ ಅಷ್ಟು ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ. ದರ ಸಾಮಾನ್ಯ ಸಾಲಕ್ಕಿಂತ ತುಸು ಹೆಚ್ಚಿರುವುದುಂಟು, ವರ್ಗಾಯಿಸಿಕೊಳ್ಳುವ ಮೊದಲು ಆ ವ್ಯತ್ಯಾಸವನ್ನು ಕೇಳಿ ಬರೆಸಿಕೊಳ್ಳಬೇಕು.

ತೆರಿಗೆ ವಿನಾಯಿತಿ ಕೈತಪ್ಪುತ್ತದೆ ಎಂದು ಪಾರ್ಟ್ ಪೇಮೆಂಟಿಗೆ ಹಿಂಜರಿಯುವವರ ಮಾತನ್ನೂ ಈ ಲೆಕ್ಕದಲ್ಲೇ ಪರೀಕ್ಷಿಸೋಣ. ಹಳೆಯ ತೆರಿಗೆ ಪದ್ಧತಿಯಲ್ಲಿ ತಾವೇ ವಾಸವಿರುವ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ. ಶಿಕ್ಷಕಿ 3 ಲಕ್ಷ ಕಟ್ಟದಿದ್ದರೆ ಮುಂದಿನ ಒಂದು ವರ್ಷದ ಬಡ್ಡಿ ಸುಮಾರು 2.29 ಲಕ್ಷ, ಕಟ್ಟಿದರೆ 2.02 ಲಕ್ಷ. ಎರಡೂ 2 ಲಕ್ಷದ ಮೇಲೆಯೇ, ಆದ್ದರಿಂದ ಆ ವರ್ಷ ವಿನಾಯಿತಿಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಮುಂದಿನ ವರ್ಷಗಳಲ್ಲಿ ಅದು ಕುಗ್ಗುತ್ತದೆ, ಆದರೆ ನೂರು ರೂಪಾಯಿ ಬಡ್ಡಿ ಕಟ್ಟಿ ಅದರಲ್ಲಿ ಇಪ್ಪತ್ತೋ ಮೂವತ್ತೋ ತೆರಿಗೆ ಉಳಿಸುವುದಕ್ಕಿಂತ ಆ ನೂರನ್ನೇ ಕಟ್ಟದಿರುವುದು ಲೇಸು. ಅಸಲಿಗೆ ಕಟ್ಟಿದ ಪಾರ್ಟ್ ಪೇಮೆಂಟ್ ಕೂಡ ಹಳೆಯ ಪದ್ಧತಿಯ 1.5 ಲಕ್ಷದ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತದೆ, ಆದರೆ ಭವಿಷ್ಯ ನಿಧಿ, ವಿಮೆಯಿಂದಲೇ ಆ ಮಿತಿ ತುಂಬಿದ್ದರೆ ಅದರಿಂದ ಹೆಚ್ಚೇನೂ ಸಿಗದು. ಹೊಸ ಪದ್ಧತಿಯಲ್ಲಿರುವವರಿಗೆ ವಾಸದ ಮನೆಯ ಸಾಲಕ್ಕೆ ಈ ಎರಡು ವಿನಾಯಿತಿಗಳೂ ಇಲ್ಲ. ಅವರು ಇಟ್ಟುಕೊಂಡ ನಿಶ್ಚಿತ ಠೇವಣಿಯ ಬಡ್ಡಿಗೆ ತೆರಿಗೆ ಬೀಳುತ್ತದೆ, ತಪ್ಪಿಸಿಕೊಂಡ ಸಾಲದ ಬಡ್ಡಿಗೆ ಬೀಳುವುದಿಲ್ಲ. ಶೇ. 7ರ ಠೇವಣಿಯನ್ನು ಹಿಡಿದುಕೊಂಡು ಶೇ. 8.5ರ ಸಾಲ ಕಟ್ಟುತ್ತಿರುವವರು, ಆಪತ್ಕಾಲಕ್ಕೆಂದು ತೆಗೆದಿಟ್ಟ ಹಣವನ್ನು ಬಿಟ್ಟು ಉಳಿದದ್ದನ್ನಾದರೂ ಈ ದೃಷ್ಟಿಯಿಂದ ನೋಡಬೇಕು.

ಹೀಗೆ ಅವಧಿಗೆ ಮುಂಚೆ ಸಾಲ ತೀರಿದ ದಿನ ಬ್ಯಾಂಕಿನಿಂದ ಬರಬೇಕಾದ ಕಾಗದಗಳಿವೆ. ಪೂರ್ತಿ ಹಣ ಸಂದಾಯವಾದ 30 ದಿನದೊಳಗೆ ಮನೆಯ ಮೂಲ ದಾಖಲೆಗಳನ್ನು ಹಿಂತಿರುಗಿಸಿ, ನೋಂದಾಯಿತವಾದ ಋಣಭಾರವನ್ನು ತೆಗೆಸಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಪಡೆಯುವಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರವನ್ನೂ ನೋಂದಾಯಿಸಿ, ಆ ಮೇಲೆ ಹೊಸ ಇ.ಸಿ. ತೆಗೆಸಿ ಅದರಲ್ಲಿ ಬ್ಯಾಂಕಿನ ಸಾಲ ತೀರಿದ್ದು ನಮೂದಾಗಿದೆಯೇ ಎಂದು ನೋಡಿಕೊಳ್ಳಬೇಕು. ನೋ ಡ್ಯೂಸ್ ಪತ್ರವೊಂದನ್ನೇ ತಂದು ಕಪಾಟಿನಲ್ಲಿಟ್ಟವರಿಗೆ, ಹತ್ತು ವರ್ಷದ ನಂತರ ಮನೆಯನ್ನು ಮಕ್ಕಳ ಹೆಸರಿಗೆ ಮಾಡಲು ಹೊರಟಾಗ ಇ.ಸಿ.ಯಲ್ಲಿ ಹಳೆಯ ಅಡಮಾನ ಹಾಗೆಯೇ ಎದ್ದು ಕಾಣುತ್ತದೆ.